1800 ಪದದ ಆಲೆಮನೆ ಲೇಖನ, 90 ಸೆಕೆಂಡ್ ವಿಡಿಯೋ: ಎರಡು ಥರ ಸ್ಕ್ರಿಪ್ಟ್ ಮಾಡಿ ನೋಡ್ದೆ

ಮಂಡ್ಯ ಕಡೆ ಬೆಲ್ಲ ಹೆಂಗೆ ಮಾಡ್ತಾರೆ ಅಂತ ನಾನೇ ಬರ್ದಿದ್ದ ಉದ್ದನೆ ಲೇಖನ ಒಂದಿತ್ತು, ಸುಮಾರು 1800 ಪದ. ಅದನ್ನ ಮೊಬೈಲಲ್ಲಿ ನೋಡೋ ಒಂದೂವರೆ ನಿಮಿಷದ ವಿಡಿಯೋ ಮಾಡ್ಬೇಕಿತ್ತು. ಮೊದ್ಲು ಜೋರಾಗಿ ಓದಿ ಟೈಮ್ ನೋಡ್ದೆ, ಉಸಿರು ತಗೊಂಡು ಓದಿದ್ರೆ ನಂಗೆ 10 ಸೆಕೆಂಡಿಗೆ 15 ಪದ ಬರುತ್ತೆ. ಅಂದ್ರೆ 90 ಸೆಕೆಂಡಿಗೆ 135 ಪದ, ಅಷ್ಟೇ. ಹದಿಮೂರು ಪದ ಇದ್ರೆ ಹನ್ನೆರಡು ಬಿಸಾಕ್ಬೇಕು.

ಮೊದಲ್ನೇ ದಾರಿ, ಎಲ್ರೂ ಮಾಡೋದೇ: ಲೇಖನದ ಕ್ರಮ ಹಂಗೇ ಇಟ್ಕೊಂಡು ಪ್ಯಾರಾಕ್ಕೊಂದು ಸಾಲು ಉಳ್ಸೋದು. ಒಂದು ಗಂಟೇಲಿ ಮುಗೀತು, ಓದಿದ್ರೆ ಚೆನ್ನಾಗೇ ಇತ್ತು. ಆಮೇಲೆ ಪೇಪರ್ ಮಧ್ಯಕ್ಕೆ ಗೆರೆ ಎಳ್ದು ಎಡಕ್ಕೆ ‘ಏನ್ ಕಾಣುತ್ತೆ’, ಬಲಕ್ಕೆ ‘ಏನ್ ಕೇಳುತ್ತೆ’ ಅಂತ ಬರೀತಾ ಹೋದೆ ನೋಡಿ, ಬಂಡವಾಳ ಬಯಲಾಯ್ತು. ‘ಈ ಭಾಗದ ಆರ್ಥಿಕತೆಯಲ್ಲಿ ಬೆಲ್ಲಕ್ಕೆ ಮಹತ್ವದ ಸ್ಥಾನ’ ಅನ್ನೋ ಸಾಲಿಗೆ ಏನ್ ತೋರಿಸ್ಲಿ? ಕಬ್ಬಿನ ಗದ್ದೆ ಅಂತ ಬರ್ದೆ. ಮುಂದಿನ ಸಾಲಿಗೂ ಕಬ್ಬಿನ ಗದ್ದೆ, ಅದರ ಮುಂದಿಂದಕ್ಕೂ ಅದೇ. ಬಲಗಡೆ ಕೈಯಲ್ಲಿ ಮುಚ್ಕೊಂಡು ಎಡಗಡೆ ಮಾತ್ರ ಓದಿ, ಕಥೆ ಅರ್ಥ ಆಗ್ಲಿಲ್ಲ ಅಂದ್ರೆ ಅದು ವಿಡಿಯೋ ಅಲ್ಲ, ರೇಡಿಯೋ.

ಎರಡ್ನೇ ದಾರೀಲಿ ಲೇಖನ ಮುಚ್ಚಿಟ್ಟು ಒಂದೇ ಪ್ರಶ್ನೆ ಹಿಡ್ಕೊಂಡೆ: ಒಂದು ಬೆಲ್ಲ ಹಳದಿ, ಇನ್ನೊಂದು ಕಪ್ಪು, ಯಾಕೆ? ಇದಕ್ಕೆ ಉತ್ತರ ಕೊಡದೆ ಇರೋದೆಲ್ಲ ಔಟ್, ಕಷ್ಟಪಟ್ಟು ಬರ್ದಿದ್ದ ಬೆಲೆ ಏರಿಳಿತದ ಭಾಗವೂ ಸೇರಿ (ಹೊಟ್ಟೆ ಉರೀತು). ಎಡಗಡೆ ಮೊದ್ಲು ತುಂಬಿಸ್ದೆ, ಮಾತು ಆಮೇಲೆ.

ದೃಶ್ಯ ಹಿಂಗೆ ಬಂತು. 0ಯಿಂದ 6 ಸೆಕೆಂಡ್, ಎರಡು ಅಂಗೈಲಿ ಎರಡು ಬಣ್ಣದ ಅಚ್ಚು, ‘ಇದ್ರಲ್ಲಿ ನೀವು ಯಾವ್ದು ತಗೋತೀರ?’ 20ರವರೆಗೆ ಗಾಣ, ಕಬ್ಬಿನ ಹಾಲು ಸುರಿಯೋದು, 100 ಕೆಜಿ ಕಬ್ಬಿಗೆ ಹತ್ತತ್ರ 10 ಕೆಜಿ ಬೆಲ್ಲ ಅಂತ ಒಂದೇ ಮಾತು. 45ರವರೆಗೆ ಕೊಪ್ಪರಿಗೆ: ಹುಳಿ ಮುರಿಯೋಕೆ ಸುಣ್ಣ, ಕೊಳೆ ಮೇಲೆ ಬರ್ಲಿ ಅಂತ ಬೆಂಡೆಗಿಡದ ಲೋಳೆ, ಆಮೇಲೆ ನೊರೆ ತೆಗೆಯೋದು. ಇದೇ ಉದ್ದದ ದೃಶ್ಯ, ಯಾಕಂದ್ರೆ ನೋಡೋಕೆ ಏನಾದ್ರೂ ನಡೀತಾನೇ ಇರುತ್ತೆ. 65ರವರೆಗೆ ಉತ್ತರ, ಅಂದ್ರೆ ಬಣ್ಣ ತಿಳಿಯಾಗ್ಲಿ ಅಂತ ಕೆಲವ್ರು ಹಾಕೋ ಹೈಡ್ರೋಸ್ ಅನ್ನೋ ಕೆಮಿಕಲ್ ವಿಷ್ಯ. 80ರವರೆಗೆ ಪಾಕ ಅಚ್ಚಿಗೆ ಹುಯ್ಯೋದು, ಮಾತಿಲ್ಲ, ಬರೀ ಅಲ್ಲಿಯ ಸದ್ದು. ಕೊನೆ 10 ಸೆಕೆಂಡಿಗೆ ವಾಪಸ್ ಅದೇ ಅಂಗೈ.

ಮಾತು ಬರಿಯೋವಾಗ ಲೇಖನದ ‘ಸೇರಿಸಲಾಗುತ್ತದೆ’ಗಳೆಲ್ಲ ‘ಹಾಕ್ತಾರೆ’ ಆದ್ವು. ಯಾರು ಹಾಕ್ತಾರೋ ಅವ್ರು ಎದುರಿಗೇ ಕಾಣ್ತಾರಲ್ಲ.

ಶೂಟಿಂಗಲ್ಲೂ ವ್ಯತ್ಯಾಸ ಇತ್ತು. ದೃಶ್ಯದ ಪಟ್ಟಿ ಇದ್ದಿದ್ರಿಂದ ಅಚ್ಚಿಗೆ ಹುಯ್ಯೋ ಜಾಗಕ್ಕೆ ಮೊದ್ಲೇ ಹೋಗಿ ನಿಂತ್ಕೊಂಡೆ, ಒಂದು ಕೊಪ್ಪರಿಗೆಗೆ ಅದು ಒಂದೇ ಸಲ, ‘ಇನ್ನೊಂದ್ಸಲ ಹುಯ್ಯಣ್ಣ’ ಅನ್ನೋಕಾಗಲ್ಲ. ಲೆನ್ಸ್ ಮೇಲೆ ಆವಿ ಕೂತು ಮೊದಲ ಎರಡು ಶಾಟ್ ಮಂಜು ಮಂಜು, ಆಮೇಲೆ ಆವಿಗೆ ಅಡ್ಡ ಬರದೆ ಗಾಳಿ ಬರೋ ಕಡೆಯಿಂದ ತೆಗ್ದೆ.

ಎರಡ್ನೇದೇ ಗೆಲ್ತು ನನ್ನ ಪ್ರಕಾರ, ಆದ್ರೆ ಹೊಸ್ದಾಗಿ ಶೂಟ್ ಮಾಡೋಕೆ ಆಗದೆ ಬರೀ ಹಳೇ ಫೋಟೋ ಇದ್ರೆ ಮೊದಲ್ನೇದೇ ವಾಸಿ, ಫೋಟೋ ಮೇಲೆ ಮಾತು ಓಡ್ಸ್ಬೋದು.

ಆದ್ರೆ ಎರಡ್ನೇದ್ರಲ್ಲಿ ಒಂದು ಅಪಾಯ ಇದೆ, ನಾನು ಬಿದ್ದಿದ್ದು ಅಲ್ಲೇ. ಒಂದೇ ಪ್ರಶ್ನೆ ಹಿಡಿದಾಗ ಉತ್ತರನೂ ಒಂದೇ ಇರ್ಲಿ ಅನ್ಸುತ್ತೆ. ಲೇಖನದಲ್ಲಿ ‘ಆದರೆ’ ಅಂತ ಶುರುವಾಗೋ ಒಂದು ಪ್ಯಾರಾ ಇತ್ತು, ಅದನ್ನ ಹಾರಿಸ್ಬಿಟ್ಟು ಕೊನೆಗೆ ‘ಕಪ್ಪಗಿದ್ರೆ ಶುದ್ಧ’ ಅಂತ ಬರ್ದಿದ್ದೆ, ಕೇಳೋಕೆ ಸಖತ್ತಾಗಿತ್ತು. ಆಲೆಮನೆ ಯಜಮಾನ್ರಿಗೆ ಓದಿ ಹೇಳ್ದೆ. ‘ಅಂಗಲ್ಲ ಕಣಪ್ಪ, ಪಾಕ ಸೀದೋದ್ರೂ ಕಪ್ಪಾಯ್ತದೆ, ಕಬ್ಬಿನ ತಳಿ ಮ್ಯಾಲೂ ಹೋಯ್ತದೆ’ ಅಂದ್ರು. ನನ್ನ ಲೇಖನದಲ್ಲೇ ಇದ್ದ ಮಾತು ಅದು! ಮಾತಿಲ್ಲದ ದೃಶ್ಯದಿಂದ 4 ಸೆಕೆಂಡ್ ಕಿತ್ತು ಕೊನೆ ಸಾಲಿಗೆ ಕೊಟ್ಟೆ. ಈಗ ಅದು ಹಿಂಗಿದೆ: ‘ತುಂಬಾ ಹಳದಿ ಇದ್ರೆ ಏನ್ ಹಾಕಿದೀರ ಅಂತ ಕೇಳಿ. ಕಪ್ಪಗಿದ್ರೆ ಒಂದು ಚೂರು ಬಾಯಿಗ್ಹಾಕ್ಕೊಳ್ಳಿ, ಸೀದಿದ್ರೆ ಕಹಿ ಗೊತ್ತಾಗುತ್ತೆ.’