ಒಂದೇ ಫೋಟೋದಲ್ಲಿ ಇಬ್ಬರ ಮುಖ ಅದಲುಬದಲು: ಆಟೋ ಬ್ಲೆಂಡ್, ಸೀಮ್‌ಲೆಸ್ ಕ್ಲೋನ್, ಕರ್ವ್ಸ್‌ನಲ್ಲಿ ಯಾವುದು ಒಳ್ಳೆಯದು?

ಎರಡೂ ಮುಖ ಒಂದೇ ಫೋಟೋದಲ್ಲಿವೆ, ಹಾಗಾಗಿ ಬಣ್ಣ ತಾನೇ ಹೊಂದಿಕೊಳ್ಳುತ್ತೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅದು ಅರ್ಧ ನಿಜ. ಕ್ಯಾಮೆರಾ ಒಂದೇ, ವೈಟ್ ಬ್ಯಾಲೆನ್ಸ್ ಒಂದೇ, ಗ್ರೇನ್ ಒಂದೇ. ಬೆಳಕು ಬಿದ್ದ ರೀತಿ ಮಾತ್ರ ಬೇರೆ ಇರಬಹುದು, ಮೈಬಣ್ಣವಂತೂ ಬೇರೆ ಇದ್ದೇ ಇರುತ್ತೆ.

ನಾನು ಬೇಕಂತಲೇ ಕಷ್ಟದ ಫೋಟೋ ಆರಿಸಿಕೊಂಡೆ. ಇಬ್ಬರು ಅಕ್ಕಪಕ್ಕ ಕೂತಿದ್ದಾರೆ, ನಡುವೆ ಟೇಬಲ್ ಲ್ಯಾಂಪ್. ಎಡಗಡೆಯವರು ಬೆಳ್ಳಗಿದ್ದಾರೆ, ಬಲಗಡೆಯವರು ಕಪ್ಪು. ಇಬ್ಬರೂ ಲ್ಯಾಂಪ್ ಕಡೆ ಸ್ವಲ್ಪ ತಿರುಗಿದ್ದಾರೆ. ಸುಮ್ನೆ ಕತ್ತರಿಸಿ ಅಂಟಿಸಿದರೆ ಬೆಳಕಿನ ಕೆನ್ನೆ ಹೊರಗಡೆಗೆ ಹೋಗುತ್ತೆ, ಮೂಗಿನ ನೆರಳು ಲ್ಯಾಂಪ್ ಕಡೆಗೇ ಬೀಳುತ್ತೆ. ಇದನ್ನು ಯಾವ ಬ್ಲೆಂಡಿಂಗೂ ಸರಿ ಮಾಡುವುದಿಲ್ಲ. ಹಾಗಾಗಿ ಮೂರು ವಿಧಾನಕ್ಕೂ ಮೊದಲ ಕೆಲಸ ಒಂದೇ: ಎರಡೂ ಮುಖವನ್ನು ಅಡ್ಡಕ್ಕೆ ಫ್ಲಿಪ್ ಮಾಡುವುದು. ಬೆಳಕಿನ ದಿಕ್ಕೂ ತಲೆ ತಿರುಗಿದ ದಿಕ್ಕೂ ಒಟ್ಟಿಗೆ ಸರಿಹೋಗುತ್ತವೆ. ಆದರೆ ಕೆನ್ನೆಯ ಮಚ್ಚೆ ಈ ಕಡೆಯಿಂದ ಆ ಕಡೆಗೆ ಹೋಗುತ್ತೆ, ಅದನ್ನು ಕ್ಲೋನ್ ಸ್ಟ್ಯಾಂಪ್‌ನಲ್ಲಿ ಮೂಲ ಜಾಗಕ್ಕೆ ತರಬೇಕು. ಬೆಳಕು ಇಬ್ಬರಿಗೂ ಒಂದೇ ಕಡೆಯಿಂದ ಬಂದಿದ್ದರೆ ಫ್ಲಿಪ್ ಮಾಡಬೇಡಿ.

ಫೋಟೋಶಾಪ್‌ನ Auto-Blend Layers ಎಲ್ಲಕ್ಕಿಂತ ಬೇಗ ಆಗುವಂಥದ್ದು. ಮುಖವನ್ನು ಬೇರೆ ಲೇಯರ್‌ಗೆ ತೆಗೆದು, ಒಪಾಸಿಟಿ ಅರ್ಧ ಮಾಡಿ, ಕಣ್ಣಿನ ಮೂಲೆ ಮತ್ತು ಬಾಯಿಯ ಅಂಚು ಕೂಡಿಸಬೇಕು. ಕೂಡಿಸಿದ ಮೇಲೆ ಒಪಾಸಿಟಿಯನ್ನು ಮತ್ತೆ ಪೂರ್ತಿಗೆ ತನ್ನಿ. ಆಮೇಲೆ ಆ ಮುಖದ ಸೆಲೆಕ್ಷನ್ ಅನ್ನು ಸುಮಾರು 8 ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ, ಕೆಳಗಿನ ಲೇಯರ್‌ನಲ್ಲಿ ಅಷ್ಟು ತೂತು ಮಾಡಿ, ಎರಡೂ ಲೇಯರ್ ಆರಿಸಿ Panorama ಮತ್ತು Seamless Tones and Colors ಕೊಡಬೇಕು. ಮೈಬಣ್ಣ ಹತ್ತಿರ ಹತ್ತಿರ ಇದ್ದರೆ ಇದು ಸಾಕು, ನಿಜವಾಗಲೂ ಚೆನ್ನಾಗಿ ಬರುತ್ತೆ. ನನ್ನ ಫೋಟೋದಲ್ಲಿ ಹಣೆಯ ಕೂದಲು ತಾಗಿದ ಕಡೆ ಕಪ್ಪು ಮಸಿ ಒಳಗೆ ಇಳಿದಿತ್ತು, ಅದನ್ನು ಹಿಡಿತಕ್ಕೆ ತರಲು ಯಾವ ಸ್ಲೈಡರೂ ಇಲ್ಲ.

ಓಪನ್‌ಸಿವಿಯ ಸೀಮ್‌ಲೆಸ್ ಕ್ಲೋನ್ ಬರೀ ಒಂದು ಸಾಲು:

```python
out = cv2.seamlessClone(src, photo, mask, center, cv2.NORMAL_CLONE)
```

ಇದರಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವಿನ ವ್ಯತ್ಯಾಸವನ್ನು ಹೊಸ ಮುಖದಿಂದ ತಗೊಳ್ಳುತ್ತಾರೆ, ಅಂಚಿನ ಬಣ್ಣವನ್ನು ಮಾತ್ರ ಹಳೆ ಫೋಟೋದಿಂದ. ಹಾಗಾಗಿ ಅಂಚಿನಲ್ಲಿ ಏನಿದೆಯೋ ಅದು ಒಳಗೆಲ್ಲ ಹರಡುತ್ತೆ. ಕೂದಲು, ಕಾಲರ್, ಗಲ್ಲದ ಕೆಳಗಿನ ನೆರಳು ಯಾವುದೂ ತಾಗದ ಹಾಗೆ ಮಾಸ್ಕ್ ಬರೆದೆ, ಮಸಿ ಹೋಯಿತು. ಇಲ್ಲಿ ಆಟೋ ಬ್ಲೆಂಡ್‌ಗಿಂತ ಇದೇ ಮೇಲು. MIXED_CLONE ಮಾತ್ರ ಬೇಡ, ಹಳೆ ಹುಬ್ಬು ಹೊಸ ಮುಖದೊಳಗಿಂದ ಇಣುಕುತ್ತೆ. ಎರಡನೇ ಮುಖದ src ಅನ್ನೂ ಮೂಲ ಫೋಟೋದಿಂದಲೇ ತಗೊಳ್ಳಿ, ಆಗಲೇ ಬದಲಾದ ಫೋಟೋದಿಂದ ಅಲ್ಲ.

ಆದರೂ ಫಲಿತಾಂಶ ನೋಡಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಚರ್ಮ ಸರಿಯಾಗಿತ್ತು, ಕಣ್ಣು ಸರಿಯಿರಲಿಲ್ಲ. ಲೆಕ್ಕ ಹಾಕಿ ನೋಡಿ. ಕಪ್ಪು ಮುಖದ ಬೆಳಕಿನ ಕೆನ್ನೆಯಲ್ಲಿ ಕೆಂಪು ಚಾನಲ್ ಸುಮಾರು 142, ಬೆಳ್ಳಗಿರುವವರ ಕೆನ್ನೆಯಲ್ಲಿ 214. ಅಂದರೆ 72 ಕೂಡಬೇಕು. ಅದೇ 72 ಕಣ್ಣಿನ ಬಿಳಿ ಭಾಗಕ್ಕೂ ಸೇರುತ್ತೆ. ಅದು ಮೊದಲೇ 190 ಇತ್ತು, 262 ಆಗಬೇಕು, 255ಕ್ಕೆ ಬಡಿದು ನಿಲ್ಲುತ್ತೆ. ಕಣ್ಣು, ಹಲ್ಲು ಎರಡೂ ಸುಣ್ಣ ಬಳಿದ ಹಾಗೆ ಹೊಳೆಯುತ್ತವೆ. ಇನ್ನೊಬ್ಬರಲ್ಲಿ ಉಲ್ಟಾ, ಕಣ್ಣಿನ ಬಿಳಿ ಕಂದು ಬಣ್ಣಕ್ಕೆ ತಿರುಗುತ್ತೆ. ನೋಡುವವರಿಗೆ ಕಾರಣ ಹೊಳೆಯಲ್ಲ, ಆದರೆ ಮುಖ ಆ ಮೈಯದ್ದಲ್ಲ ಅಂತ ಗೊತ್ತಾಗಿಬಿಡುತ್ತೆ.

ಕೈಯಾರೆ ಮಾಡುವ ಕರ್ವ್ಸ್ ಗೆದ್ದಿದ್ದು ಇಲ್ಲೇ. ಮುಖದ ಲೇಯರ್‌ಗೆ ಮಾತ್ರ ಅಂಟಿಕೊಂಡ ಕರ್ವ್ಸ್ ಹಾಕಿ, ಪ್ರತಿ ಚಾನಲ್‌ನಲ್ಲೂ ಮೂರು ಪಾಯಿಂಟ್ ಇಟ್ಟೆ: ಬೆಳಕಿನ ಕೆನ್ನೆ, ಹಣೆಯ ನಡು, ನೆರಳಿನ ಕೆನ್ನೆ. ಯಾವ ಅಂಕಿಗೆ ತರಬೇಕು ಅನ್ನುವುದಕ್ಕೆ ಕುತ್ತಿಗೆಯನ್ನು ನೋಡಬೇಡಿ, ಅದು ಗಲ್ಲದ ನೆರಳಲ್ಲಿರುತ್ತೆ, ಮುಖ ಮಂಕಾಗುತ್ತೆ. ಒಂದೇ ಫೋಟೋ ಆಗಿರುವುದರ ದೊಡ್ಡ ಲಾಭ ಇದು: ಆ ಜಾಗದಲ್ಲಿ ಮೊದಲಿದ್ದ ಮುಖದ ಅದೇ ಕೆನ್ನೆಯೇ ನಿಮ್ಮ ಅಳತೆ. ಸ್ಯಾಂಪ್ಲರ್ ಅನ್ನು 5×5 ಸರಾಸರಿಗೆ ಇಟ್ಟು ಅಂಕಿ ಬರೆದುಕೊಳ್ಳಿ. ಆಮೇಲೆ ಕರ್ವ್ಸ್‌ನ ಮಾಸ್ಕ್‌ನಲ್ಲಿ ಕಣ್ಣು, ಹಲ್ಲು ಎರಡನ್ನೂ ಕಪ್ಪು ಮಾಡಿ ಹೊರಗಿಡಿ, ತುಟಿಯನ್ನು ಅರ್ಧ ಬೂದು. ಜಾಸ್ತಿ ಹೊತ್ತು ಹಿಡಿಯುತ್ತೆ, ಅಂಚನ್ನೂ ಮೆತ್ತನೆ ಬ್ರಷ್‌ನಲ್ಲಿ ನಾವೇ ಕೂಡಿಸಬೇಕು. ಆದರೆ ಮೂರರಲ್ಲಿ ಕಣ್ಣು ಜೀವಂತ ಉಳಿದದ್ದು ಇದರಲ್ಲೇ.

ಈಗ ನಾನು ಮಾಡುವುದು ಹೀಗೆ: ಮೈಬಣ್ಣ ಹತ್ತಿರ ಇದ್ದರೆ ಆಟೋ ಬ್ಲೆಂಡ್. ದೂರ ಇದ್ದರೆ ಮೊದಲು ಕರ್ವ್ಸ್‌ನಲ್ಲಿ ಚರ್ಮವನ್ನು ಹತ್ತಿರಕ್ಕೆ ತಂದು, ಆ ಮುಖವನ್ನು ಸೀಮ್‌ಲೆಸ್ ಕ್ಲೋನ್‌ಗೆ ಕೊಡುತ್ತೇನೆ. ಆಗ ಅದು ಕೂಡಬೇಕಾದ್ದು ನಾಲ್ಕೈದು ಅಂಕಿ ಅಷ್ಟೇ, ಕಣ್ಣು ಕೆಡುವುದಿಲ್ಲ, ಅಂಚು ಕೂಡಿಸುವ ಕೆಲಸವೂ ತಪ್ಪುತ್ತೆ.