ಅವ್ವನ ಬಿಪಿ ಗುಳಿಗೆ: ಒಂದೇ ಬ್ಯಾಚ್, ಎರಡು ಎಕ್ಸ್‌ಪೈರಿ

2025ರ ಆಗಸ್ಟ್‌ನಲ್ಲಿ ಬಾಗಲಕೋಟೆಯಲ್ಲಿ ನನಗಾದದ್ದು ಇದು. ಅಂಗಡಿಯ ಹೆಸರು ಬರೆಯುವುದಿಲ್ಲ.

ಅವ್ವ ದಿನಾ ಬಿಪಿ ಗುಳಿಗೆ ತಗೋತಾರೆ. ಶೇ 20 ರಿಯಾಯಿತಿ ಅಂತ ಬೋರ್ಡ್ ನೋಡಿ ಹೊಸ ಅಂಗಡಿಗೆ ಹೋದೆ. ಹದಿನೈದು ಗುಳಿಗೆ ತಂದೆ: ಒಂದು ಪೂರ್ತಿ ಸ್ಟ್ರಿಪ್, ಇನ್ನೊಂದರಿಂದ ಕತ್ತರಿಸಿದ ಐದು. ಬಿಲ್ ಕೇಳಲಿಲ್ಲ. ಅವರು ಚೀಟಿಯಲ್ಲಿ ಮೊತ್ತ ಗೀಚಿ ಕೊಟ್ಟರು, ಅಷ್ಟೇ.

ಅವ್ವ ತುಂಡನ್ನೇ ಮೊದಲು ಮುಗಿಸಿದರು. ಐದನೇ ದಿನ, "ಗುಳಿಗಿ ತಗೊಂಡ್ರೂ ತಲಿ ಭಾರ ಆಗೈತಿ" ಅಂದರು. ಮನೆಯ ಮಷಿನ್‌ನಲ್ಲಿ ನೋಡಿದರೆ 168/96. ಮಾಮೂಲಿಗೆ 130ರ ಆಸುಪಾಸು ಇರುತ್ತದೆ.

ಅಂಗಡಿಯವರಿಗೆ ಹೆಸರು ತೋರಿಸಲು ಅವ್ವ ಖಾಲಿ ಸ್ಟ್ರಿಪ್ ಒಂದನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಅದನ್ನೂ ಹೊಸ ಸ್ಟ್ರಿಪ್ಪನ್ನೂ ಪಕ್ಕಪಕ್ಕ ಹಿಡಿದೆ. ಬ್ಯಾಚ್ ನಂಬರ್ ಎರಡರಲ್ಲೂ ಒಂದೇ. ಆದರೆ ಹಳೆಯದರಲ್ಲಿ ಎಕ್ಸ್‌ಪೈರಿ 05/2025, ಹೊಸದರಲ್ಲಿ 11/2026! ಒಂದು ಬ್ಯಾಚ್ ಅಂದರೆ ಒಟ್ಟಿಗೆ ತಯಾರಾದ ಮಾಲು. ಅದಕ್ಕೆ ಎರಡು ಎಕ್ಸ್‌ಪೈರಿ ಇರೋದಿಲ್ಲ. ಒದ್ದೆ ಬೆರಳಿಂದ ಉಜ್ಜಿದರೆ ಹೊಸದರ ತಾರೀಖು ಮಸಿಯಾಯಿತು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ಪರದೆಯ ಮೇಲೆ ಬಂದದ್ದು 05/2025.

2023ರ ಆಗಸ್ಟ್‌ನಿಂದ 300 ಹೆಸರಾಂತ ಬ್ರ್ಯಾಂಡ್‌ಗಳಿಗೆ ಈ ಕೋಡ್ ಕಡ್ಡಾಯ. ಸ್ಟ್ರಿಪ್ ಮೇಲೆ ಇಲ್ಲದಿದ್ದರೆ ಡಬ್ಬಿಯ ಮೇಲೆ ಇರಬಹುದು. ಆದರೆ ಕೋಡ್ ತೆರೆದುಕೊಂಡಿತು ಅಂತ ಸಮಾಧಾನ ಬೇಡ, ಅದನ್ನೂ ನಕಲು ಹೊಡೆಯಬಹುದು. ಪರದೆಯಲ್ಲಿ ಬಂದ ಬ್ಯಾಚ್, ತಾರೀಖು ಸ್ಟ್ರಿಪ್‌ಗೆ ಹೊಂದುತ್ತವೆಯಾ ನೋಡಬೇಕು. ನಮ್ಮದು ಹಳೇ ಮಾಲಿಗೆ ಹೊಸ ತಾರೀಖು ಹೊಡೆದದ್ದೋ, ಪೂರ್ತಿ ನಕಲಿಯೋ, ಅದನ್ನು ಲ್ಯಾಬೇ ಹೇಳಬೇಕು. ಬಿಪಿ ಏರಿದ್ದಕ್ಕೂ ಬೇರೆ ಕಾರಣ ಇದ್ದೀತು.

ಬಿಪಿ ಗುಳಿಗೆ ತಟ್ಟನೆ ನಿಲ್ಲಿಸುವಂತಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಆ ಸಂಜೆಯೇ ಹಳೇ ಅಂಗಡಿಯಿಂದ ಬೇರೆ ತಂದೆ. ಸಂಶಯದ ಸ್ಟ್ರಿಪ್ ಎಸೆಯದೆ ಕವರ್‌ನಲ್ಲಿಟ್ಟೆ.

ಮರುದಿನ ರಿಯಾಯಿತಿ ಅಂಗಡಿಯವನು ಸ್ಟ್ರಿಪ್ ತಿರುಗಿಸಿ ನೋಡಿ, "ಇದು ನಮ್ಮ ಅಂಗಡಿದಲ್ರೀ, ಬಿಲ್ ಎಲ್ಲೈತಿ?" ಅಂದ. ಬಾಯಿ ಕಟ್ಟಿತು.

ಆ ಐದು ಗುಳಿಗೆಯ ಕಥೆಯಂತೂ ಇನ್ನೂ ಕೆಟ್ಟದ್ದು. ಬ್ಯಾಚ್, ಎಕ್ಸ್‌ಪೈರಿ ಸಾಮಾನ್ಯವಾಗಿ ಸ್ಟ್ರಿಪ್‌ನ ಒಂದು ತುದಿಯಲ್ಲಿರುತ್ತವೆ. ಬಿಡಿ ಮಾರುವಾಗ ಆ ತುದಿಯನ್ನು ಅಂಗಡಿಯವರು ಕೊನೆತನಕ ಇಟ್ಟುಕೊಳ್ಳುವುದು ಸರಿಯೇ. ಆದರೆ ನಮ್ಮ ಕೈಗೆ ಬರುವುದು ಬರೀ ಹೆಸರಿನ ಚೂರು. ಹಾಗಾಗಿ ಕತ್ತರಿ ಹಾಕುವ ಮೊದಲೇ ಇಡೀ ಸ್ಟ್ರಿಪ್ ಕೇಳಿ, ಆ ತುದಿಯ ಫೋಟೋ ತೆಗೆಯಿರಿ. ಬಿಲ್‌ನಲ್ಲಿ ಅದೇ ಬ್ಯಾಚ್ ನಂಬರ್ ಬರೆಸಿ. ಈಗ ನಾನು ಹಾಗೇ ಮಾಡುತ್ತೇನೆ, ಹಿಂದೆ ನಿಂತವರು ಗೊಣಗಿದರೂ ಸರಿ.

ಜಿಲ್ಲೆಯ ಡ್ರಗ್ಸ್ ಇನ್‌ಸ್ಪೆಕ್ಟರಿಗೆ ದೂರು ಬರೆದು, ಎರಡೂ ಸ್ಟ್ರಿಪ್‌ಗಳ ಫೋಟೋ ಕೊಟ್ಟಿದ್ದೇನೆ. "ಖರೀದಿ ಬಿಲ್ ಇದೆಯಾ?" ಅಂತ ಅಲ್ಲಿಯೂ ಕೇಳಿದರು.