ಇಂಗ್ಲಿಷ್ ಬಾರದವರ ಕೈಯಲ್ಲಿ ಬ್ಯಾಂಕ್ ಆ್ಯಪ್: ಶಿರಸಿ ಕಡೆಯ ಬಹುಕಾಲದ ಬಳಕೆಯಿಂದ

ರೇಟಿಂಗ್: 5ಕ್ಕೆ 3. ಬ್ಯಾಲೆನ್ಸ್ ನೋಡಲು ಒಳ್ಳೆಯದು. ದುಡ್ಡು ಕಳಿಸಲು ಆಗುತ್ತದೆ, ಆದರೆ ಎರಡು ಕಡೆ ನಿಂತು ನೋಡಬೇಕು. ಕನ್ನಡದ ವ್ಯವಸ್ಥೆ ಅರ್ಧಂಬರ್ಧ.

ಇದು ಒಂದು ಸರ್ಕಾರಿ ಬ್ಯಾಂಕಿನ ಆ್ಯಪ್. ಹೆಸರು ಬೇಡ, ಬೇರೆ ಬ್ಯಾಂಕುಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. ಮನೆಯಲ್ಲಿ ಇದನ್ನು ಬಳಸುವವರು ಕನ್ನಡ ಮಾತ್ರ ಸರಾಗವಾಗಿ ಓದಬಲ್ಲವರು. ಅಂಥವರು ಬ್ಯಾಲೆನ್ಸ್ ನೋಡಿ, ಬೇರೆ ಬ್ಯಾಂಕಿನ ಖಾತೆಗೆ ದುಡ್ಡು ಹಾಕಿ, ಅದು ತಲುಪಿದೆಯೆಂದು ಖಚಿತ ಮಾಡಿಕೊಳ್ಳುವುದು ಹೇಗೆಂಬಷ್ಟೇ ಇಲ್ಲಿ ಬರೆದಿದೆ.

ಮೊದಲು ಭಾಷೆಯ ವಿಷಯ. ಲಾಗಿನ್ ಆಗುವ ಮೊದಲಿನ ಪುಟದ ಮೇಲ್ತುದಿಯಲ್ಲಿ ಗೋಲದ ಚಿತ್ರವೋ Language ಎಂಬ ಪದವೋ ಇರುತ್ತದೆ. ಅದನ್ನು ಒತ್ತಿ ಕನ್ನಡ ಆರಿಸಿದರೆ ಮೆನುಗಳು ಕನ್ನಡಕ್ಕೆ ಬರುತ್ತವೆ. ಬ್ಯಾಂಕಿನ ಎಸ್ಸೆಮ್ಮೆಸ್, ಸ್ಟೇಟ್‌ಮೆಂಟಿನ ವಿವರ, ಏನಾದರೂ ಕೆಟ್ಟಾಗ ಬರುವ ಕೆಂಪಕ್ಷರದ ಸೂಚನೆ, ಇವೆಲ್ಲ ಇಂಗ್ಲಿಷಿನಲ್ಲೇ ಉಳಿಯುತ್ತವೆ. ಸಹಾಯ ಬೇಕಾಗುವುದು ಸರಿಯಾಗಿ ಅಲ್ಲಿಯೇ. ಜೊತೆಗೆ ಸಣ್ಣ ಪರದೆಯ ಫೋನಿನಲ್ಲಿ ಕನ್ನಡದ ಉದ್ದ ಪದಗಳು ಬಟನ್ನಿನಲ್ಲಿ ಹಿಡಿಸದೆ ಅರ್ಧಕ್ಕೆ ತುಂಡಾಗುತ್ತವೆ. ಹಾಗಾಗಿ ಬ್ಯಾಲೆನ್ಸ್ ನೋಡಲು ಕನ್ನಡ ಇಟ್ಟುಕೊಳ್ಳಿ, ದುಡ್ಡು ಕಳಿಸುವಾಗ ಇಂಗ್ಲಿಷಿಗೆ ತಿರುಗಿಸಿಕೊಳ್ಳಿ ಎನ್ನುವುದು ನಮ್ಮ ಅಭಿಪ್ರಾಯ. ಶಾಖೆಯವರು ಫೋನಿನಲ್ಲಿ ಹೇಳುವ ಪದವೂ ಎಸ್ಸೆಮ್ಮೆಸ್ಸಿನ ಪದವೂ ಪರದೆಯ ಪದವೂ ಆಗ ಒಂದೇ ಇರುತ್ತವೆ. ಕನ್ನಡಾಭಿಮಾನಿಗಳು ಬೈಯಬಹುದು. ದೋಷದ ಸೂಚನೆಯನ್ನೂ ಕನ್ನಡದಲ್ಲಿ ಕೊಟ್ಟ ದಿನ ಈ ಸಲಹೆ ವಾಪಸ್.

ಪರದೆಯನ್ನೇ ಅನುವಾದ ಮಾಡಿಸಿ ಓದೋಣವೆಂದರೆ ಅದು ನಡೆಯುವುದಿಲ್ಲ. ಆ್ಯಪ್ ಸ್ಕ್ರೀನ್‌ಶಾಟಿಗೆ ತಡೆ ಹಾಕಿದೆ, ತೆಗೆದರೆ ಕಪ್ಪು ಚಿತ್ರ ಬರುತ್ತದೆ. ಇದು ಕೊರತೆಯಲ್ಲ, ಬೇಕೆಂದೇ ಮಾಡಿದ ಕಾವಲು. ಇನ್ನೊಂದು ಫೋನಿನ ಕ್ಯಾಮೆರಾ ಹಿಡಿದು ಅನುವಾದ ನೋಡಬಹುದು, ಆದರೆ ಮೆನು ಪುಟಕ್ಕೆ ಮಾತ್ರ. ಖಾತೆ ಸಂಖ್ಯೆಯೋ ಒಟಿಪಿಯೋ ಇರುವ ಪುಟಕ್ಕೆ ಬೇಡ.

ಬ್ಯಾಲೆನ್ಸ್ ನೋಡುವ ಕಡೆ ಹೆಚ್ಚಿನವರು ಎಡವುವುದು ಓದಲು ಬಾರದೆ ಅಲ್ಲ, ಎರಡು ಮೊತ್ತ ಕಾಣುವುದರಿಂದ. ಒಂದು Total Balance, ಇನ್ನೊಂದು Available Balance. ಅಡಿಕೆ ದುಡ್ಡಿನ 38,000 ರೂಪಾಯಿಯ ಚೆಕ್ ಹಾಕಿದ್ದೀರಿ, ಅದಿನ್ನೂ ಪಾಸಾಗಿಲ್ಲ ಎಂದುಕೊಳ್ಳಿ. ಮೊದಲಿನದರಲ್ಲಿ 62,400 ಇದ್ದರೆ ಎರಡನೆಯದರಲ್ಲಿ 24,400 ಮಾತ್ರ ಇರುತ್ತದೆ. ಕಳಿಸಲು ಸಿಗುವುದು ಎರಡನೆಯದು. ಅದಕ್ಕಿಂತ ಹೆಚ್ಚು ಕಳಿಸಹೋದರೆ Insufficient Funds ಎಂದು ಬರುತ್ತದೆ. ಆಗ ಆ್ಯಪ್ ಕೆಟ್ಟಿತೆಂದು ಮತ್ತೆ ಮತ್ತೆ ಒತ್ತುವುದರಲ್ಲಿ ಅರ್ಥವಿಲ್ಲ.

ಬೆಳೆಸಾಲದ ಖಾತೆ ಇದೇ ಆ್ಯಪಿನಲ್ಲಿ ಇದ್ದರೆ ಇನ್ನೂ ಜಾಗ್ರತೆ ಬೇಕು. ಮಿತಿ 3,00,000, ತೆಗೆದದ್ದು 2,40,000 ಆಗಿದ್ದರೆ Available ಎಂಬಲ್ಲಿ 60,000 ಕಾಣುತ್ತದೆ. ಅದು ನಿಮ್ಮ ಉಳಿತಾಯವಲ್ಲ, ಇನ್ನೂ ತೆಗೆಯಬಹುದಾದ ಸಾಲ. ಆ ಖಾತೆಯ ಬಾಕಿಯ ಎಡಕ್ಕೆ ಮೈನಸ್ ಗುರುತು ಅಥವಾ ಬಲಕ್ಕೆ Dr ಇರುತ್ತದೆ. ಸ್ಟೇಟ್‌ಮೆಂಟಿನ ಸಾಲುಗಳಲ್ಲಾದರೆ Cr ಎಂದರೆ ಬಂದದ್ದು, Dr ಎಂದರೆ ಹೋದದ್ದು. ದುಡ್ಡು ಕಳಿಸುವಾಗ ಯಾವ ಖಾತೆಯಿಂದ ಎಂಬಲ್ಲಿ ಈ ಆ್ಯಪ್ ಕೆಲವೊಮ್ಮೆ ತಾನಾಗಿ ಸಾಲದ ಖಾತೆಯನ್ನು ಮೊದಲು ತೋರಿಸುತ್ತದೆ. ಕೊನೆಯ ನಾಲ್ಕು ಅಂಕಿಗಳನ್ನು ಉಳಿತಾಯ ಖಾತೆಯ ಪಾಸ್‌ಬುಕ್ಕಿನೊಂದಿಗೆ ತಾಳೆ ಹಾಕಿ.

ಬ್ಯಾಲೆನ್ಸ್ ಮಾತ್ರ ಬೇಕು, ಇಂಟರ್ನೆಟ್ ಇಲ್ಲ ಎಂದಾದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮಿನಿಂದ *99# ಒತ್ತಬಹುದು. ಅದರಲ್ಲಿ ಕನ್ನಡ ಇದೆ. ಮೊಬೈಲ್ ಸಿಗ್ನಲ್ ಮಾತ್ರ ಬೇಕೇ ಬೇಕು.

ಇನ್ನು ದುಡ್ಡು ಕಳಿಸುವುದು. ಮಳೆಗಾಲದ ಮೊದಲ ಬೋರ್ಡೋ ಸಿಂಪಡಣೆಗೆ ಮೈಲುತುತ್ತು, ಸುಣ್ಣ ತರಿಸಿದ್ದೀರಿ, ಕುಮಟಾದ ಅಂಗಡಿಗೆ 18,500 ರೂಪಾಯಿ ಹಾಕಬೇಕು, ಅಂಗಡಿಯವರ ಖಾತೆ ಬೇರೆ ಬ್ಯಾಂಕಿನದು ಎಂದಿಟ್ಟುಕೊಳ್ಳೋಣ.

ಮೊದಲು ಅವರ ಪಾಸ್‌ಬುಕ್ಕಿನ ಮೊದಲ ಪುಟದ ಅಥವಾ ಚೆಕ್ಕಿನ ಹಾಳೆಯ ಫೋಟೋ ತರಿಸಿಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಟೈಪ್ ಮಾಡಿದ ನಂಬರಿಗಿಂತ ಅದು ನಂಬಿಕೆಗೆ ಅರ್ಹ. ಅದರಲ್ಲಿ ಬೇಕಾದದ್ದು ಖಾತೆ ಸಂಖ್ಯೆ ಮತ್ತು ಐಎಫ್ಎಸ್‌ಸಿ. ಐಎಫ್ಎಸ್‌ಸಿಯಲ್ಲಿ 11 ಅಕ್ಷರಗಳಿರುತ್ತವೆ: ಮೊದಲ ನಾಲ್ಕು ಬ್ಯಾಂಕಿನವು, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಯವು. ಐದನೆಯದನ್ನು ಇಂಗ್ಲಿಷಿನ O ಎಂದು ಹೊಡೆದರೆ Invalid IFSC ಬರುತ್ತದೆ. ನಮ್ಮ ಕರಾವಳಿಯ ಕಡೆ ಇನ್ನೊಂದು ಕಾರಣವೂ ಉಂಟು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ ವಿಲೀನವಾಯಿತು. ಹಳೆ ಪಾಸ್‌ಬುಕ್ಕಿನಲ್ಲಿರುವ SYNB ಎಂದು ಶುರುವಾಗುವ ಕೋಡುಗಳು 2021ರ ಜುಲೈಯಿಂದ ನಡೆಯುವುದಿಲ್ಲ, CNRB ಎಂದು ಶುರುವಾಗುವ ಹೊಸದು ಬೇಕು. ಅಂಗಡಿಯವರು ಹಳೆ ಪಾಸ್‌ಬುಕ್ಕಿನ ಫೋಟೋ ಕಳಿಸಿದ್ದರೆ ಹೊಸದನ್ನು ಕೇಳಿ.

ಆ್ಯಪಿನಲ್ಲಿ Fund Transfer ಒಳಗೆ Add Beneficiary, ಅದರೊಳಗೆ Other Bank. ಖಾತೆ ಸಂಖ್ಯೆಯನ್ನು ಎರಡು ಸಲ ಕೇಳುತ್ತದೆ. ಎರಡನೇ ಸಲ ನೆನಪಿನಿಂದಲ್ಲ, ಫೋಟೋ ನೋಡಿಯೇ ಹೊಡೆಯಿರಿ, ಮೂರು ಮೂರು ಅಂಕಿ ಯಾರಾದರೂ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೆಸರಿನ ಜಾಗದಲ್ಲಿ ನೀವು ಏನು ಬರೆದರೂ ದುಡ್ಡು ಹೋಗುವುದು ಖಾತೆ ಸಂಖ್ಯೆಗೆ. ಒಂದಂಕಿ ತಪ್ಪಿ ಅದು ಇನ್ಯಾರದೋ ಖಾತೆಯಾಗಿದ್ದರೆ ಹೆಸರು ಬೇರೆಯೆಂಬ ಕಾರಣಕ್ಕೆ ಬ್ಯಾಂಕ್ ತಡೆಯುವುದಿಲ್ಲ.

ಈಗ ಇದಕ್ಕೊಂದು ಒಳ್ಳೆಯ ಆಸರೆ ಬಂದಿದೆ. ಬೇರೆ ಬ್ಯಾಂಕಿಗೆ ದುಡ್ಡು ಕಳಿಸುವ ನೆಫ್ಟ್, ಆರ್‌ಟಿಜಿಎಸ್ ಎಂಬ ದಾರಿಗಳನ್ನು ಬಳಸುವವರಿಗೆ ಎದುರಿನ ಖಾತೆದಾರರ ಹೆಸರನ್ನು ಅವರ ಬ್ಯಾಂಕಿನ ದಾಖಲೆಯಿಂದಲೇ ತೋರಿಸುವ ಸೌಲಭ್ಯ 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಈ ಆ್ಯಪಿನಲ್ಲಿ ಅದು Verify Name ಎಂಬ ಸಣ್ಣ ನೀಲಿ ಅಕ್ಷರವಾಗಿ, ಒತ್ತದಿದ್ದರೂ ಮುಂದೆ ಹೋಗುವ ಹಾಗೆ ಇದೆ. ಇಷ್ಟು ಮುಖ್ಯವಾದದ್ದನ್ನು ಮೂಲೆಗೆ ತಳ್ಳಿದ್ದಕ್ಕೇ ಒಂದು ಸ್ಟಾರ್ ಕಡಿಮೆ. ಅಂಗಡಿಯ ಹೆಸರಿನ ಬದಲು ಮಾಲೀಕರ ಹೆಸರು ಬರುವುದು ಸಾಮಾನ್ಯ. ಆಗ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ ಕೇಳಿ.

ಹೆಸರು ಸೇರಿಸಿದ ಕೂಡಲೇ ದೊಡ್ಡ ಮೊತ್ತ ಕಳಿಸಲು ಬಿಡುವುದಿಲ್ಲ. ಕೆಲ ಗಂಟೆ ಕಾಯಬೇಕು, ಮೊದಲ ದಿನ ಮಿತಿಯೂ ಕಡಿಮೆ. ಇಂಗ್ಲಿಷಿನಲ್ಲಿ ಬರುವ ಈ ಸೂಚನೆಯನ್ನು ದೋಷವೆಂದುಕೊಂಡು ಅದೇ ಖಾತೆಯನ್ನು ಎರಡು ಮೂರು ಸಲ ಸೇರಿಸುವವರಿದ್ದಾರೆ. Cooling Period ಎಂಬ ಪದ ಕಂಡರೆ ಸುಮ್ಮನೆ ಕಾಯುವುದು. ಆ ಬಿಡುವಿನಲ್ಲಿ 1 ರೂಪಾಯಿ ಹಾಕಿ ಅಂಗಡಿಯವರನ್ನು ಕೇಳಬಹುದು. ಬಂತೆಂದರೆ ಮರುದಿನ 18,499 ಕಳಿಸಿ.

ಕೊನೆಯ ಪುಟದಲ್ಲಿ Confirm ಒತ್ತುವ ಮೊದಲು ಮೂರು ಸಂಗತಿ ನೋಡಿ: ಯಾವ ಖಾತೆಯಿಂದ, ಯಾರಿಗೆ, ಎಷ್ಟು. 18,499ರ ಬದಲು 1,84,990 ಆಗಿದ್ದರೆ ಅಲ್ಪವಿರಾಮದ ಜಾಗವೇ ಹೇಳುತ್ತದೆ. ಅಲ್ಪವಿರಾಮ ಎರಡಿದ್ದರೆ ಲಕ್ಷ ದಾಟಿತೆಂದು ಅರ್ಥ, ಇಂಗ್ಲಿಷ್ ಓದಬೇಕಿಲ್ಲ.

ನಮ್ಮ ಘಟ್ಟದ ಮೇಲಿನ ಊರುಗಳಿಗೆ ನಿಜವಾದ ತೊಡಕು ಇದರ ನಂತರ. ಮನೆಯೊಳಗೆ ವೈಫೈ ಇದೆ, ಸಿಮ್ಮಿನ ಸಿಗ್ನಲ್ ಸಿಗುವುದು ಅಂಗಳದ ಮೂಲೆಯಲ್ಲಿ. ಒಟಿಪಿ ಬರುವುದು ಸಿಮ್ಮಿಗೆ. ಅದು ಬರುವಷ್ಟರಲ್ಲಿ ಆ್ಯಪ್ ಹೊರಹಾಕಿರುತ್ತದೆ, ಇಲ್ಲವೇ ಕರೆಂಟು ಹೋಗಿ ವೈಫೈ ನಿಂತು ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಶುರುವಿನಿಂದಲೇ ಸಿಗ್ನಲ್ ಇರುವ ಜಾಗದಲ್ಲಿ ಕೂತು, ವೈಫೈ ಆಫ್ ಮಾಡಿ, ಸಿಮ್ಮಿನ ಡೇಟಾದಲ್ಲೇ ಮುಗಿಸುವುದು ಉತ್ತಮ.

ಚಕ್ರ ನಿಂತಿತು, ಹೋಯಿತೋ ಇಲ್ಲವೋ ಗೊತ್ತಿಲ್ಲ ಎಂದಾದರೆ ಮತ್ತೆ ಕಳಿಸಬೇಡಿ. ಎರಡು ಸಲ ದುಡ್ಡು ಹೋಗುವುದು ಹೀಗೆಯೇ. ಆ್ಯಪ್ ಮುಚ್ಚಿ, ಮತ್ತೆ ಲಾಗಿನ್ ಆಗಿ Mini Statement ತೆರೆಯಿರಿ. ಮೇಲಿನ ಸಾಲಿನಲ್ಲಿ 18,499 Dr ಇದ್ದರೆ ಖಾತೆಯಿಂದ ಹೋಗಿದೆ. ಇಲ್ಲದಿದ್ದರೂ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ, ಆಗಲೂ ಇಲ್ಲದಿದ್ದರೆ ಮಾತ್ರ ಕಳಿಸಿ. Pending ಎಂದರೆ ಇನ್ನೂ ತೀರ್ಮಾನವಾಗಿಲ್ಲ. ದುಡ್ಡನ್ನು ಕೂಡಲೇ ತಲುಪಿಸುವ ಐಎಂಪಿಎಸ್ ಎಂಬ ದಾರಿಯಲ್ಲಿ ಕಳಿಸಿದ್ದು ನಿಮ್ಮಲ್ಲಿ ಕಡಿತವಾಗಿ ಅಲ್ಲಿ ಜಮೆಯಾಗದಿದ್ದರೆ ಮರುದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ನೆಫ್ಟ್ ಆದರೆ Success ಬಂದರೂ ತಕ್ಷಣ ತಲುಪಿತೆಂದಲ್ಲ. ಅದು ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ, ಜಮೆಯಾಗಲು ಕಂತಿನ ನಂತರ ಎರಡು ಗಂಟೆಯವರೆಗೂ ಹಿಡಿಯಬಹುದು. ಅಂಗಡಿಯವರು ಬಂದಿಲ್ಲವೆಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ.

ಭಾಷೆ ಬಾರದವರನ್ನೇ ಹುಡುಕಿ ಬರುವ ಒಂದು ಮೋಸವಿದೆ. "ಆ್ಯಪ್ ಕನ್ನಡಕ್ಕೆ ಮಾಡಿಕೊಡ್ತೇವೆ, ನೀವು ಈ ಇನ್ನೊಂದು ಆ್ಯಪ್ ಹಾಕ್ಕೊಳ್ಳಿ" ಎಂದು ಚೆಂದದ ಕನ್ನಡದಲ್ಲೇ ಫೋನ್ ಬರುತ್ತದೆ. ಅದು ನಿಮ್ಮ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್. ಬರುವ ಒಟಿಪಿ ಅವರಿಗೂ ಕಾಣುತ್ತದೆ. ಬ್ಯಾಂಕಿನವರು ಭಾಷೆ ಬದಲಿಸಲು ಬೇರೆ ಆ್ಯಪ್ ಹಾಕಿಸುವುದಿಲ್ಲ. ದುಡ್ಡು ಬರಲು ಪಿನ್ ಹೊಡೆಯಬೇಕೆಂದು ಯಾರಾದರೂ ಹೇಳಿದರೆ ಅದೂ ಸುಳ್ಳು, ಪಿನ್ ಬೇಕಾಗುವುದು ದುಡ್ಡು ಹೋಗಲು. ಹೋಗಿಬಿಟ್ಟಿದ್ದರೆ ಸಂಜೆಗೋ ನಾಳೆಗೋ ಎಂದು ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಪಿನ್ ನೀವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮ ಪಾಲಿಗೇ ಬರುತ್ತದೆ.

ತಪ್ಪು ಖಾತೆಗೆ ಹೋದದ್ದಾದರೆ ಶಾಖೆಗೆ ಹೋಗಿ ಬರವಣಿಗೆಯಲ್ಲೇ ಕೊಡಿ. ತಾರೀಕು, ಮೊತ್ತ, ಹೋದ ಖಾತೆ ಸಂಖ್ಯೆ ಮತ್ತು ಎಸ್ಸೆಮ್ಮೆಸ್ಸಿನಲ್ಲಿರುವ ರೆಫರೆನ್ಸ್ ನಂಬರ್ ಬರೆದಿರಬೇಕು. ಐಎಂಪಿಎಸ್‌ನಲ್ಲಿ ಅದು 12 ಅಂಕಿಯದು. ಆ ಎಸ್ಸೆಮ್ಮೆಸ್ ಅಳಿಸಬೇಡಿ, ಅರ್ಜಿಯ ಇನ್ನೊಂದು ಪ್ರತಿಗೆ ಶಾಖೆಯ ಸೀಲು ಹಾಕಿಸಿಕೊಂಡೇ ಬನ್ನಿ.